ಅಡ್ವಾನ್ಸ್‌ಗೆ ಕಿಡ್ನಿ, ಸಿಗ್ನಲ್‌ನಲ್ಲಿ ಮುಪ್ಪು: ಕಷ್ಟದ ಜೋಕನ್ನು ಏಕೆ ಹಂಚುತ್ತೇವೆ?

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಅಂಟಿಸಿದ್ದ ಒಂದು ಪೋಸ್ಟರಿನ ಫೋಟೊ ದೇಶದ ತುಂಬ ಹರಿದಾಡಿತು. ಎಡಗಡೆಯ ಕಿಡ್ನಿ ಮಾರಾಟಕ್ಕಿದೆ, ಮನೆ ಮಾಲೀಕರು ಕೇಳುವ ಅಡ್ವಾನ್ಸ್ ಹೊಂದಿಸಲು ದುಡ್ಡು ಬೇಕಾಗಿದೆ ಎಂಬುದು ಅದರ ಒಕ್ಕಣೆ. ಕೆಳಗೆ, ಇದು ತಮಾಷೆ, ಆದರೆ ಇಂದಿರಾನಗರದಲ್ಲಿ ಮನೆ ಮಾತ್ರ ನಿಜವಾಗಿ ಬೇಕು ಎಂದು ಬರೆದಿತ್ತು. ಜೊತೆಗೆ, ಮನೆ ಹುಡುಕುತ್ತಿರುವವರ ವಿವರ ತೆರೆಯುವ ಒಂದು ಕ್ಯೂಆರ್ ಕೋಡ್.

ಫೋಟೊ ನೋಡಿದವರು ಸುಮ್ಮನೆ ನಕ್ಕು ಮುಂದೆ ಹೋಗಲಿಲ್ಲ. ತಾವು ಕೊಟ್ಟ ಅಡ್ವಾನ್ಸ್ ಎಷ್ಟು, ಮನೆ ಬಿಡುವಾಗ ವಾಪಸು ಬಂದದ್ದೆಷ್ಟು ಎಂದು ಬರೆಯುತ್ತ ಹೋದರು. ದುಡ್ಡಿಲ್ಲ ಎಂದು ಹೇಳಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಒಳ್ಳೆಯ ಕೆಲಸ, ಒಳ್ಳೆಯ ಸಂಬಳ ಎಂದು ಊರಲ್ಲಿ ಹೆಸರಾದವರಿಗಂತೂ ಅದು ಇನ್ನೂ ಕಷ್ಟ. ಆ ಪೋಸ್ಟರ್ ಅಂಥವರಿಗೆ ಬಾಯಿ ಬಿಡಲು ಒಂದು ನೆಪ ಕೊಟ್ಟಿತು.

ಅದು ಅಷ್ಟು ಚುರುಕಾಗಿ ತಾಗಿದ್ದು ಏಕೆಂದು ಅರಿಯಲು ಅಡ್ವಾನ್ಸಿನ ಲೆಕ್ಕ ಹಾಕಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 40,000 ರೂಪಾಯಿ ಬಾಡಿಗೆಯ ಎರಡು ಕೋಣೆಯ ಮನೆಯೊಂದನ್ನು ಲೆಕ್ಕಕ್ಕೆ ಹಿಡಿಯಿರಿ. ಆರು ತಿಂಗಳಿನದೇ ಎಂದರೂ ಅಡ್ವಾನ್ಸ್ 2.4 ಲಕ್ಷ. ಮೊದಲ ತಿಂಗಳ ಬಾಡಿಗೆ 40,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಇನ್ನೊಂದು 40,000. ಬೀಗದ ಕೈ ಸಿಗುವ ಮೊದಲೇ 3.2 ಲಕ್ಷ ಕೈಬಿಟ್ಟಿತು. ಹತ್ತು ತಿಂಗಳ ಲೆಕ್ಕವಾದರೆ 4.8 ಲಕ್ಷ. ಕೈಗೆ ತಿಂಗಳಿಗೆ 80,000 ಬರುವವನಿಗೆ ಇದು ಆರು ತಿಂಗಳ ಪೂರ್ತಿ ಸಂಬಳ. ಆ ಹಣಕ್ಕೆ ಬಡ್ಡಿ ಇಲ್ಲ. ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಕರಾರಿನಲ್ಲೇ ಇರುತ್ತದೆ. ಕರಾರು ಮಾಡುವುದು 11 ತಿಂಗಳಿಗೆ, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡಲ್ಲಷ್ಟೇ ಅದಕ್ಕೆ ಬಲ. ಮಾಲೀಕರ ಕಡೆಯಿಂದಲೂ ಹೇಳುವುದಿದೆ. ಬಾಡಿಗೆ ನಿಲ್ಲಿಸಿ ಕುಳಿತವರನ್ನು ಕೋರ್ಟಿನ ಮೂಲಕ ಬಿಡಿಸಲು ವರ್ಷಗಟ್ಟಲೆ ಬೇಕು. ನಿವೃತ್ತಿಯ ನಂತರ ಆ ಬಾಡಿಗೆಯೊಂದನ್ನೇ ನೆಚ್ಚಿದ ಹಿರಿಯರಿಗೆ ದೊಡ್ಡ ಅಡ್ವಾನ್ಸೇ ಇರುವ ಒಂದು ಭದ್ರತೆ. ಈ ವ್ಯವಸ್ಥೆಯಲ್ಲಿ ಇಬ್ಬರಿಗೂ ಭಯವಿದೆ, ಆದರೆ ದುಡ್ಡು ಕೂಡಿಸಬೇಕಾದವನು ಒಬ್ಬನೇ.

ಪೋಸ್ಟರ್ ಬಂದ ಕಾಲವನ್ನೂ ನೆನೆಯಬೇಕು. ಕೋವಿಡ್ ವರ್ಷಗಳಲ್ಲಿ ಜನ ಊರಿಗೆ ಮರಳಿ ಮನೆ, ಪಿಜಿಗಳೆಲ್ಲ ಖಾಲಿ ಬಿದ್ದಿದ್ದವು. 2022ರಲ್ಲಿ ಕಂಪನಿಗಳು ಆಫೀಸಿಗೆ ಬನ್ನಿ ಎಂದು ಕರೆದಾಗ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಮನೆ ಹುಡುಕತೊಡಗಿದರು. ಒಂದು ಮನೆಗೆ ಹತ್ತಾರು ಜನ ಬಂದಾಗ ಆರಿಸುವ ಹಕ್ಕು ಮಾಲೀಕರದಾಯಿತು. 2023ರ ಏಪ್ರಿಲ್‌ನಲ್ಲಿ ಹರಿದಾಡಿದ ಒಂದು ವಾಟ್ಸ್‌ಆ್ಯಪ್ ಸಂಭಾಷಣೆಯಲ್ಲಿ ಬ್ರೋಕರ್ ಕೇಳಿದ್ದ ದಾಖಲೆಗಳ ಪಟ್ಟಿಯಲ್ಲಿ ಲಿಂಕ್ಡ್‌ಇನ್ ವಿವರ, ಕೆಲಸಕ್ಕೆ ಸೇರಿದ ಪತ್ರ, ಹತ್ತನೇ ಮತ್ತು ಹನ್ನೆರಡನೇ ತರಗತಿಯ ಅಂಕಪಟ್ಟಿ ಎಲ್ಲವೂ ಇದ್ದವು. ತನ್ನ ಬಗ್ಗೆ 150ರಿಂದ 200 ಪದಗಳ ಬರಹವನ್ನೂ ಬರೆದುಕೊಡಬೇಕಿತ್ತು. ಕೊನೆಗೆ ಬಂದ ಉತ್ತರ: ಹನ್ನೆರಡನೇ ತರಗತಿಯಲ್ಲಿ 75 ಶೇಕಡಾ ಬಂದಿದೆ, ಮಾಲೀಕರು 90 ಬಯಸುತ್ತಾರೆ, ಮನೆ ಸಿಗದು. ಇದಕ್ಕೆ ಯಾರೂ ಉತ್ಪ್ರೇಕ್ಷೆ ಸೇರಿಸಬೇಕಾಗಿರಲಿಲ್ಲ. ಸಂಭಾಷಣೆಯ ಚಿತ್ರವೇ ಮೀಮ್ ಆಯಿತು.

ನಗುವಿನ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಪೀಟರ್ ಮ್ಯಾಗ್ರಾ ಮತ್ತು ಕೇಲೆಬ್ ವಾರೆನ್ 2010ರಲ್ಲಿ ಒಂದು ವಿವರಣೆ ಮುಂದಿಟ್ಟರು. ಯಾವುದೋ ಒಂದು ಸಂಗತಿ ತಪ್ಪಾಗಿದೆ, ಮೀರಿದೆ ಎಂದು ಅನ್ನಿಸಬೇಕು. ಅದೇ ಕ್ಷಣದಲ್ಲಿ, ಪರವಾಗಿಲ್ಲ, ಅಪಾಯವೇನಿಲ್ಲ ಎಂದೂ ಅನ್ನಿಸಬೇಕು. ಎರಡೂ ಕೂಡಿದಾಗ ನಗು ಬರುತ್ತದೆ. ಮೊದಲನೆಯದು ಮಾತ್ರ ಇದ್ದರೆ ಭಯವೋ ಅಸಹ್ಯವೋ ಆಗುತ್ತದೆ, ಎರಡನೆಯದು ಮಾತ್ರ ಇದ್ದರೆ ಬೇಸರ. ಇಂದಿರಾನಗರದ ಪೋಸ್ಟರಿನಲ್ಲಿ ಈ ಎರಡು ಅರ್ಧಗಳೂ ಒಂದರ ಕೆಳಗೊಂದು ಬರೆದಿದ್ದವು. ಮೇಲಿನ ಸಾಲು ಬೆಚ್ಚಿಸುತ್ತದೆ, ಕೆಳಗಿನ ಸಾಲು ಸಮಾಧಾನಪಡಿಸುತ್ತದೆ. ಕೆಳಗಿನ ಸಾಲನ್ನು ತೆಗೆದುಬಿಟ್ಟರೆ ಅದು ಪೊಲೀಸರು ನೋಡಬೇಕಾದ ಕಾಗದ.

ಹಾಗೆ ತೆಗೆದು ಓದಬೇಕಾದವರು ನಮ್ಮ ನಡುವೆಯೇ ಇದ್ದಾರೆ. 1990ರ ದಶಕದಲ್ಲಿ ಇದೇ ಬೆಂಗಳೂರಿನಲ್ಲಿ ಕಿಡ್ನಿ ಮಾರಾಟದ ಜಾಲಗಳು ಬೆಳಕಿಗೆ ಬಂದಿದ್ದವು. ಸಾಲಕ್ಕೆ ಸಿಕ್ಕಿದ ಬಡವರು ಅಂಗ ಮಾರಿದ್ದರು. ಅಂಥ ವ್ಯವಹಾರ ತಡೆಯಲೆಂದೇ 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. ಬಾಡಿಗೆ ಮನೆಯ ಜೋಕಿಗೆ ನಕ್ಕ ನಮಗೆ ಕಿಡ್ನಿ ಮಾರುವುದು ಎಂದೂ ಆಗದ ಮಾತು, ಆದ್ದರಿಂದಲೇ ಅದು ನಗೆಯಾಯಿತು. ಆ ಮನೆಯನ್ನು ಗುಡಿಸಿ ಒರೆಸಲು ಬರುವ ಹೆಂಗಸಿನ ಕುಟುಂಬಕ್ಕೂ ಅದು ಎಂದೂ ಆಗದ ಮಾತು ಎಂದು ನಾನು ಖಚಿತವಾಗಿ ಹೇಳಲಾರೆ. ಕರಾಳ ಹಾಸ್ಯವನ್ನು ಹಂಚುವವರು ಬಹುಮಟ್ಟಿಗೆ ಪ್ರಪಾತದ ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಂತವರು.

ಈ ಎರಡು ಹೆಜ್ಜೆಯ ದೂರವನ್ನೂ ಅದೇ ಸಂಶೋಧಕರು ಅಳೆದು ನೋಡಿದ್ದಾರೆ. 2012ರ ಅಧ್ಯಯನವೊಂದರಲ್ಲಿ ಜನರಿಗೆ ಬೇರೆ ಬೇರೆ ಪ್ರಸಂಗಗಳನ್ನು ಕೊಟ್ಟು, ಯಾವುದಕ್ಕೆ ಹೆಚ್ಚು ನಗು ಬರುತ್ತದೆ ಎಂದು ಕೇಳಿದರು. ಕಾರು ಬಡಿದ ಪ್ರಸಂಗ ನಿನ್ನೆಯದಾಗಿದ್ದರೆ ಕಡಿಮೆ ನಗು, ಐದು ವರ್ಷ ಹಿಂದಿನದಾಗಿದ್ದರೆ ಹೆಚ್ಚು. ಕಾಲ್ಬೆರಳು ಎಡವಿದ ಪ್ರಸಂಗದಲ್ಲಿ ಇದು ತಲೆಕೆಳಗು: ನಿನ್ನೆಯದಾದರೆ ನಗು, ಐದು ವರ್ಷ ಹಿಂದಿನದು ಯಾರಿಗೂ ಬೇಡ. ದೊಡ್ಡ ನೋವಿಗೆ ದೂರ ಬೇಕು, ಸಣ್ಣ ನೋವಿಗೆ ಹತ್ತಿರ ಬೇಕು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕಕ್ಕೆ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ಅವರು ಅದರ ಬಗೆಗಿನ ಜೋಕುಗಳನ್ನು ಬೇರೆ ಬೇರೆ ದಿನಗಳಲ್ಲಿ ಜನರ ಮುಂದಿಟ್ಟರು. ಅಪ್ಪಳಿಸುವ ಮೊದಲು ಜನ ನಕ್ಕರು. ಹಾನಿಯ ಸುದ್ದಿ ಬಂದಂತೆ ನಗು ಇಳಿದು ಸುಮಾರು ಎರಡು ವಾರಕ್ಕೆ ತಳ ಮುಟ್ಟಿತು. ಆಮೇಲೆ ಏರುತ್ತ 36ನೇ ದಿನದ ಹೊತ್ತಿಗೆ ಅತಿ ಹೆಚ್ಚಾಯಿತು, ಮೂರು ತಿಂಗಳಾಗುವಷ್ಟರಲ್ಲಿ ಮತ್ತೆ ತಣ್ಣಗಾಯಿತು.

ಟ್ರಾಫಿಕ್ ಮೀಮುಗಳು ಏಕೆ ಅದೇ ಸಂಜೆ ಹುಟ್ಟಿ ಅದೇ ರಾತ್ರಿ ಸಾಯುತ್ತವೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜೋಕುಗಳನ್ನೇ ನೋಡಿ. ಹೆಚ್ಚಿನವು ಒಂದೇ ಹೆಣಿಗೆಯವು: ಕೆಂಪು ದೀಪದಲ್ಲಿ ನಿಂತಾಗ ಹುಡುಗ ಬ್ರಹ್ಮಚಾರಿ, ಪಕ್ಕದ ಸ್ಕೂಟರಿನ ಹುಡುಗಿಯ ಪರಿಚಯವಾಗುತ್ತದೆ, ಮದುವೆಯಾಗುತ್ತದೆ, ಮಗು ಶಾಲೆ ಸೇರುತ್ತದೆ, ದೀಪ ಇನ್ನೂ ಹಸಿರಾಗಿಲ್ಲ. ಒಂದು ಗಂಟೆಯ ಕಾಯುವಿಕೆಯನ್ನು ಒಂದು ಜೀವಮಾನಕ್ಕೆ ಹಿಗ್ಗಿಸುವ ತಂತ್ರ. ನಿಂತವನಿಗೆ ಆ ಗಂಟೆ ನಿಜಕ್ಕೂ ಹಾಗೆಯೇ ಅನ್ನಿಸಿರುತ್ತದೆ. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಅದು ಇಡೀ ವರ್ಷದ ಸರಾಸರಿ. ಶುಕ್ರವಾರ ಸಂಜೆಯ ಮಳೆಯಲ್ಲಿ ಹೊರ ವರ್ತುಲ ರಸ್ತೆಯಲ್ಲಿ ನಿಂತವನಿಗೆ ಆ ಅಂಕಿಯಲ್ಲಿ ತನ್ನ ಕಥೆ ಕಾಣುವುದಿಲ್ಲ, ಸಿಗ್ನಲ್‌ನಲ್ಲಿ ಮುದುಕನಾದ ಹುಡುಗನಲ್ಲಿ ಕಾಣುತ್ತದೆ.

2023ರ ಸೆಪ್ಟೆಂಬರ್ 27ರಂದು ಹಾಗೇ ಆಯಿತು. ಹಿಂದಿನ ದಿನ ಕಾವೇರಿ ವಿಚಾರಕ್ಕೆ ಬೆಂಗಳೂರು ಬಂದ್, ಮರುದಿನದಿಂದ ಸಾಲು ರಜೆ. ನಡುವೆ ಸಿಕ್ಕ ಒಂದೇ ದಿನ ಎಲ್ಲರೂ ರಸ್ತೆಗಿಳಿದರು. ಹೊರ ವರ್ತುಲ ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತವು. ಶಾಲೆ ಬಿಟ್ಟ ಮಕ್ಕಳು ರಾತ್ರಿಯಾದ ಮೇಲೆ ಮನೆ ಸೇರಿದರು. ಜಾಮ್‌ನಲ್ಲಿ ನಿಂತ ಕಾರಿಗೇ ಪಿಜ್ಜಾ ತರಿಸಿಕೊಂಡವರ ವಿಡಿಯೊ ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲಿತ್ತು. ಅದನ್ನು ಕಳಿಸಿದ ಬಹುತೇಕರು ಅದೇ ಹೊತ್ತಿಗೆ ಇನ್ನೊಂದು ರಸ್ತೆಯಲ್ಲಿ ನಿಂತಿದ್ದರು. ಕಾರಿನ ಗಾಜಿನೊಳಗೆ ಒಬ್ಬನೇ ಕುಳಿತವನಿಗೆ ಫಾರ್ವರ್ಡ್ ಒತ್ತುವುದೆಂದರೆ, ನೀನೂ ಸಿಕ್ಕಿಕೊಂಡಿದ್ದೀಯಾ ಎಂದು ಕೇಳುವುದು. ಮರಳಿ ಬರುವ ನಗುಮುಖದ ಚಿಹ್ನೆ, ಹೌದು ಎನ್ನುವ ಉತ್ತರ. ರಸ್ತೆಯಲ್ಲಿ ನಿಂತಾಗ ಕೋಪ ಬರುತ್ತದೆ, ಆದರೆ ಆ ಕೋಪವನ್ನು ಯಾರ ಮೇಲೆ ತೋರಿಸುವುದು ಎಂದು ತಿಳಿಯದು. ಎದುರಿನ ಬಸ್ಸಿನ ಚಾಲಕನೂ ನಿಮ್ಮಂತೆಯೇ ಸಿಕ್ಕಿಬಿದ್ದವನು. ಜೋಕು ಆ ದಿಕ್ಕಿಲ್ಲದ ಕೋಪಕ್ಕೆ ಒಂದು ದಾರಿ ಮಾಡಿಕೊಡುತ್ತದೆ, ಜೊತೆಗಾರರನ್ನೂ ಕೊಡುತ್ತದೆ. ಅದೇ ಸಾಲಿನಲ್ಲಿ ಆಂಬುಲೆನ್ಸ್ ಸೈರನ್ ಕೂಗುತ್ತಿದ್ದರೆ ಅದರ ವಿಡಿಯೊಕ್ಕೆ ಯಾರೂ ನಗೆಯ ಸಾಲು ಬರೆಯುವುದಿಲ್ಲ. ಎಡವಿದ ಕಾಲ್ಬೆರಳು ಯಾವುದು, ಬಡಿದ ಕಾರು ಯಾವುದು ಎಂಬ ಅಂದಾಜು ಹಂಚುವ ಕೈಗೆ ತಾನಾಗಿ ಇರುತ್ತದೆ.

ಜೊತೆ ಸಿಕ್ಕಿತು ಸರಿ, ಪರಿಹಾರ? ಇದೇ ಸಂಶೋಧಕರು 2015ರಲ್ಲಿ, ನಗಿಸುತ್ತ ದೂರು ಹೇಳುವವರ ಬಗ್ಗೆ ಪ್ರಕಟಿಸಿದ ಅಧ್ಯಯನ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ತಮಾಷೆಯಾಗಿ ದೂರಿದವರನ್ನು ಕೇಳುಗರು ಹೆಚ್ಚು ಇಷ್ಟಪಡುತ್ತಾರೆ, ಗಮನ ಕೊಟ್ಟು ಕೇಳುತ್ತಾರೆ. ಆದರೆ ಅವರ ಬಗ್ಗೆ ಮರುಕ ಕಡಿಮೆಯಾಗುತ್ತದೆ, ಸರಿಪಡಿಸಬೇಕೆಂಬ ಒತ್ತಡವೂ ಕಡಿಮೆಯಾಗುತ್ತದೆ. ನಗುತ್ತ ಹೇಳುತ್ತಿದ್ದಾನೆಂದರೆ ಅಷ್ಟೇನೂ ತೊಂದರೆಯಿಲ್ಲ ಎಂದು ಎದುರಿಗಿರುವವರು ಭಾವಿಸುತ್ತಾರೆ. ನಗು ಹುಟ್ಟಲು ಬೇಕಾದ ‘ಪರವಾಗಿಲ್ಲ’ ಎಂಬ ಅರ್ಧವೇ ದೂರನ್ನು ತಿಂದುಹಾಕುತ್ತದೆ. ಬೆಂಗಳೂರಿನ ಪೊಲೀಸರೂ ತಮ್ಮ ಖಾತೆಗಳಲ್ಲಿ ಮೀಮ್ ಹಾಕುತ್ತಾರೆ. ಹೆಲ್ಮೆಟ್ ಹಾಕಿ ಎನ್ನಲು ಅದು ಒಳ್ಳೆಯ ಉಪಾಯ. ಆದರೆ ದೂರುವವನೂ ಉತ್ತರ ಕೊಡಬೇಕಾದವನೂ ಒಂದೇ ಜೋಕಿಗೆ ನಕ್ಕಾಗ ದೂರು ಎಲ್ಲಿ ನಿಂತಿತು ಎಂದು ಹುಡುಕಬೇಕಾಗುತ್ತದೆ.

ಹಾಗೆಂದು ನಗೆಯಿಂದ ಏನೂ ಆಗುವುದಿಲ್ಲ ಎಂದರೆ ಅದು ಸುಳ್ಳು. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ನೀರು ತುಂಬಿದ ರಸ್ತೆಗುಂಡಿಯಲ್ಲಿ ಒಂದು ಮೊಸಳೆಯ ಪ್ರತಿಕೃತಿಯನ್ನು ಇಳಿಸಿದರು. 2019ರಲ್ಲಿ ಹೇರೋಹಳ್ಳಿ ಕಡೆಯ ಹದಗೆಟ್ಟ ರಸ್ತೆಯೊಂದರಲ್ಲಿ ಗಗನಯಾತ್ರಿಯ ಉಡುಪು ತೊಡಿಸಿ ನಟರೊಬ್ಬರನ್ನು ನಡೆಸಿದರು. ನೋಡಿದವರಿಗೆ ಮೊದಲು ಚಂದ್ರನ ನೆಲ, ಆಮೇಲೆ ಪಕ್ಕದಲ್ಲೊಂದು ಆಟೊ ಹಾದುಹೋಗುತ್ತದೆ. ಎರಡು ಸಲವೂ ಪಾಲಿಕೆಯವರು ಬಂದು ಆ ಗುಂಡಿಗಳನ್ನು ಮುಚ್ಚಿದರು. ಸಿಲ್ಕ್ ಬೋರ್ಡಿನ ಸಾವಿರ ಮೀಮುಗಳು ಮಾಡದ್ದನ್ನು ಒಂದು ಮೊಸಳೆ ಮಾಡಿದ್ದು ಹೇಗೆ? ಆ ನಗೆಗೆ ವಿಳಾಸವಿತ್ತು ಎಂದು ನನಗೆ ಅನ್ನಿಸುತ್ತದೆ. ಯಾವ ಬಡಾವಣೆ, ಯಾವ ಗುಂಡಿ, ಯಾರ ಕೆಲಸ ಎಂಬುದು ನಗುವಿನೊಡನೆಯೇ ಬಂತು. ಮುಚ್ಚುವುದೂ ಒಂದು ದಿನದ ಕೆಲಸ. ಇಂದಿರಾನಗರದ ಪೋಸ್ಟರಿನ ಕ್ಯೂಆರ್ ಕೋಡ್ ಕೂಡ ಅಂಥದೇ ವಿಳಾಸ: ನಕ್ಕವನು ಮನೆ ಇದ್ದರೆ ತಿಳಿಸಬಹುದಿತ್ತು. ಟ್ರಾಫಿಕ್ಕಿನ ಒಟ್ಟು ಸಂಕಟದ ಮೇಲಿನ ಜೋಕಿಗೆ ಅಂಥ ವಿಳಾಸವಿಲ್ಲ. ಮೆಟ್ರೊ, ಬಸ್ಸು, ರಸ್ತೆ, ಊರು ಬೆಳೆದ ರೀತಿ ಎಲ್ಲಕ್ಕೂ ಅದು ಸೇರಿದ್ದು.

ಸಂಬಳ ತಡವಾದಾಗಿನ ಮೀಮುಗಳಲ್ಲಿ ವಿಳಾಸವನ್ನು ಬೇಕೆಂದೇ ಅಳಿಸಲಾಗುತ್ತದೆ. ಕಂಪನಿಯ ಹೆಸರು ಇರದು, ತಿಂಗಳು ಇರದು. ಉಪೇಂದ್ರ ಅಥವಾ ಸಾಧು ಕೋಕಿಲ ಅವರ ಸಿನಿಮಾ ಮುಖಭಾವವೊಂದು, ಮೇಲೆ ಎರಡು ಸಾಲು. ಮೊಬೈಲು ಟಿಂಗ್ ಎಂದಿತು, ಸಂಬಳ ಬಂತೆಂದು ಓಡಿಹೋಗಿ ನೋಡಿದರೆ ಸಾಲ ಬೇಕೇ ಎಂದು ಬ್ಯಾಂಕಿನ ಸಂದೇಶ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವಾಗ ಮ್ಯಾನೇಜರ್ ಮತ್ತು ಎಚ್‌ಆರ್‌ನವರಿಗೆ ಕಾಣದಂತೆ ಮಾಡುತ್ತಾರೆ. ಹೆದರಿಕೆಗೆ ಕಾರಣವಿದೆ. ಮುಂದಿನ ಕೆಲಸಕ್ಕೆ ರಿಲೀವಿಂಗ್ ಲೆಟರ್ ಬೇಕು, ಹಳೆಯ ಕಂಪನಿಗೆ ಫೋನು ಮಾಡಿ ವಿಚಾರಿಸುತ್ತಾರೆ. ಹೀಗೆ ವಿಳಾಸ ಕಳೆದುಕೊಂಡ ಜೋಕು ಯಾರಿಗೆ ಬೇಕಾದರೂ ಹೊಂದುತ್ತದೆ, ಹಾಗಾಗಿ ಬಹಳ ದೂರ ಹೋಗುತ್ತದೆ. ಸಂಬಳ ಕೊಡಬೇಕಾದವನಿಗೆ ಮಾತ್ರ ತಲುಪುವುದಿಲ್ಲ.

ಟ್ರಾಫಿಕ್‌ಗೂ ಸಂಬಳಕ್ಕೂ ಇನ್ನೊಂದು ವ್ಯತ್ಯಾಸವಿದೆ. ಜಾಮ್ ರಾತ್ರಿ ಹತ್ತಕ್ಕೆ ತಾನಾಗಿ ಕರಗುತ್ತದೆ. ಸಂಬಳದ ತಡ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಒಂದನೇ ತಾರೀಖಿನ ಸಂಬಳ ಮೂರಕ್ಕೆ ಬಂದರೆ ಕಾಲ್ಬೆರಳು ಎಡವಿದಂತೆ. ಐದಕ್ಕೆ ಇಎಂಐ ಕಡಿತವಾಗಬೇಕು, ಖಾತೆಯಲ್ಲಿ ಹಣವಿಲ್ಲದೆ ಅದು ವಾಪಸಾದರೆ ಬ್ಯಾಂಕು ಒಂದು ದಂಡ, ಸಾಲ ಕೊಟ್ಟವರು ಇನ್ನೊಂದು ದಂಡ ಹಾಕುತ್ತಾರೆ. ಕ್ರೆಡಿಟ್ ಸ್ಕೋರಿಗೆ ಪೆಟ್ಟು. ಬಾಡಿಗೆಗೆ ಮಾಲೀಕರ ಫೋನು. ಉಳಿತಾಯವೇ ಇಲ್ಲದ ಮನೆಗಳಲ್ಲಿ ಇದು ಎಲ್ಲಿಗೆ ಹೋಗಬಹುದು ಎಂಬುದನ್ನು 2018ರ ಜುಲೈಯಲ್ಲಿ ಬೆಂಗಳೂರು ಕಂಡಿತು. ತಿಂಗಳುಗಟ್ಟಲೆ ಸಂಬಳ ಸಿಗದ ಪೌರಕಾರ್ಮಿಕರೊಬ್ಬರು ಜೀವ ಕಳೆದುಕೊಂಡರು. ಅದಕ್ಕೆ ಯಾವ ಮೀಮೂ ಇರಲಿಲ್ಲ, ಇರಲೂಬಾರದು. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ವೇತನದ ವಿಚಾರಕ್ಕೆ ಸಿಡಿದೆದ್ದು ಗಾಜು, ಯಂತ್ರ ಒಡೆದರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ವೇತನ ಪಾವತಿಯಾಗಿರಲಿಲ್ಲ ಎಂದು ಆಮೇಲೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು.

ನನಗೆ ಪರಿಚಯದ ಹುಡುಗಿಯೊಬ್ಬಳು ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು. ಅಲ್ಲಿ ಸಂಬಳ ನಿಂತಾಗ ಗೆಳೆಯರೆಲ್ಲ ಎಚ್‌ಆರ್‌ನವರಿಲ್ಲದ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡರು. ಮೊದಲ ತಿಂಗಳು ಅಲ್ಲಿ ಮೀಮುಗಳ ಸುರಿಮಳೆ. “ಅಷ್ಟು ನಕ್ಕಿದ್ದು ಕಾಲೇಜು ಬಿಟ್ಟ ಮೇಲೆ ಅದೇ ಮೊದಲು ಸರ್. ಮನೇಲಿ ಹೇಳಕ್ಕಾಗಲ್ಲ, ಅಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ” ಎಂದಳು. ಎರಡನೇ ತಿಂಗಳು ಮೀಮುಗಳು ಕಡಿಮೆಯಾದವು. ಹಾಕಿದವನಿಗೆ ಒಬ್ಬಾಕೆ, ನನ್ನ ಮಗುವಿನ ಶಾಲೆ ಫೀಸು ಕಟ್ಟಿಲ್ಲ, ಇವತ್ತು ಬೇಡ ಎಂದು ಬರೆದಳಂತೆ. ಆಮೇಲೆ ಯಾರೋ, ಪಿಎಫ್ ಕಟ್ಟಿದ್ದಾರಾ ನೋಡಿ ಎಂದರು. ಸಂಬಳ ತಡಮಾಡುವ ಕಂಪನಿ ಹಲವು ಸಲ ಪಿಎಫ್ ಕಟ್ಟುವುದನ್ನೂ ನಿಲ್ಲಿಸಿರುತ್ತದೆ. ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಜಮಾ ಮಾಡಬೇಕು, ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆರೆದರೆ ಕಾಣುತ್ತದೆ. ಇವರ ಪಾಸ್‌ಬುಕ್ ನಾಲ್ಕು ತಿಂಗಳ ಹಿಂದೆಯೇ ನಿಂತಿತ್ತು. ಸಂಬಳ ನಿಲ್ಲುವ ಮೊದಲೇ ಸುಳಿವು ಅಲ್ಲಿತ್ತು.

ಆ ದಿನ ಗುಂಪಿನ ಸ್ವರೂಪ ಬದಲಾಯಿತು. ಮೀಮ್ ಹಾಕುತ್ತಿದ್ದ ಹುಡುಗನೇ ಒಂದು ಶೀಟ್ ತೆರೆದ: ಹೆಸರು, ಯಾವ ತಿಂಗಳ ಸಂಬಳ, ಎಷ್ಟು ಬಾಕಿ, ಕಂಪನಿಯಿಂದ ಬಂದ ಇಮೇಲಿನ ದಿನಾಂಕ. ಒಟ್ಟಿಗೆ ನಕ್ಕಿದ್ದರಿಂದಲೇ ಪರಸ್ಪರ ಸಂಬಳದ ಅಂಕಿ ತೋರಿಸುವ ಧೈರ್ಯ ಬಂತು ಎನ್ನುತ್ತಾಳೆ ಆಕೆ. ಮೀಮುಗಳಿಂದ ಸಿಗಬಹುದಾದ ದೊಡ್ಡ ಲಾಭ ಇದೇ ಎಂದು ನಾನೂ ನಂಬುತ್ತೇನೆ. 1936ರ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ವೇತನದವರಿಗಷ್ಟೇ ಅನ್ವಯಿಸುತ್ತಿತ್ತು, ಹಾಗಾಗಿ ಇವರಂಥ ಹಲವರು ಅದರ ಹೊರಗಿದ್ದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಆ ಮಿತಿಯನ್ನು ತೆಗೆದಿದೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖು ಮುಗಿಯುವುದರೊಳಗೆ ಬರಬೇಕು. ಕೆಲಸ ಬಿಟ್ಟವರಿಗೆ, ತೆಗೆದುಹಾಕಿದವರಿಗೆ ಎರಡು ಕೆಲಸದ ದಿನಗಳಲ್ಲಿ. ಬಾಕಿ ಕೇಳಲು ಮೂರು ವರ್ಷದ ಅವಧಿ ಇದೆ. ಇವರು ಅದಕ್ಕೂ ಮೊದಲೇ ಶೀಟನ್ನು ಮುದ್ರಿಸಿ, ಸಂಬಳದ ಚೀಟಿ ಮತ್ತು ಬ್ಯಾಂಕ್ ವಿವರ ಲಗತ್ತಿಸಿ, ಎಲ್ಲರ ಸಹಿಯೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿದ್ದರು. ಪಿಎಫ್ ಬಗ್ಗೆ ಬೇರೆ ದೂರು. ಅಧಿಕಾರಿ ಕಂಪನಿಯವರನ್ನು ಮಾತುಕತೆಗೆ ಕರೆಸಿದರು. ಬಾಕಿ ಇದ್ದ ಮೂರು ತಿಂಗಳಲ್ಲಿ ಎರಡರ ಸಂಬಳ ಕಂತಿನಲ್ಲಿ ಬಂತು. ಮೂರನೆಯದಕ್ಕೆ ಪತ್ರ ವ್ಯವಹಾರ ಇನ್ನೂ ನಡೆದಿದೆ, ಬೇರೆ ಬೇರೆ ಕಂಪನಿ ಸೇರಿದ ಮೇಲೂ ಆ ಗುಂಪನ್ನು ಯಾರೂ ಬಿಟ್ಟಿಲ್ಲ.